ತರಗತಿಯಲ್ಲಿ ಮಾತಾಡಿದ್ದಕ್ಕೆ ಮಾರ್ಕ್ಸ್: ಗೀಟು ಎಣಿಸಿ ಅಂಕ ಮಾಡುವ ದಾರಿಗಳಲ್ಲಿ ಯಾವುದು ಯಾರಿಗೆ ಸರಿ?

ಪಾಠದ ನಡುವೆ ಪ್ರಶ್ನೆ ಕೇಳಿದರೆ ಒಂದು ಪಾಯಿಂಟ್, ಉತ್ತರ ಕೊಟ್ಟರೆ ಒಂದು, ಚರ್ಚೆಗೆ ಏನಾದರೂ ಸೇರಿಸಿದರೆ ಒಂದು. ಇಷ್ಟಕ್ಕಿಂತ ಜಾಸ್ತಿ ಸಿಗುವುದಿಲ್ಲ ಅಂತ ಒಂದು ಮಿತಿ. ನಿಯಮ ಹೇಳೋದು ಇಷ್ಟು ಸುಲಭ. ಕಷ್ಟ ಶುರುವಾಗುವುದು ಟರ್ಮ್ ಮುಗಿಯುವ ಹೊತ್ತಿಗೆ, ಹಾಜರಿ ಪುಸ್ತಕದ ತುಂಬ ಗೀಟುಗಳಿದ್ದು ಅದನ್ನು ಹತ್ತಕ್ಕೆ ಎಷ್ಟು ಅಂತ ಬರೆಯಬೇಕಾದಾಗ. ನೇರವಾಗಿ ಕೂಡಿಸಿ ಮಿತಿಗೆ ನಿಲ್ಲಿಸೋದಾ? ದಿನಕ್ಕೂ ಒಂದು ಮಿತಿ ಇಡೋದಾ? ಜಾಸ್ತಿ ಮಾತಾಡಿದವರಿಗೆ ಹೋಲಿಸಿ ಕೊಡೋದಾ? ಮೆಟ್ಟಿಲು ಕಟ್ಟೋದಾ? ಈ ಪ್ರಶ್ನೆ ಕೇಳುವವರಲ್ಲಿ ಹೊಸದಾಗಿ ಪಾಠ ಮಾಡಲು ಬಂದವರೂ ಇದ್ದಾರೆ, ಇಪ್ಪತ್ತು ವರ್ಷ ಪಾಠ ಮಾಡಿ ಈಗಷ್ಟೇ ಈ ಪದ್ಧತಿಗೆ ಕೈ ಹಾಕಿದವರೂ ಇದ್ದಾರೆ.

ದಾರಿಗಳನ್ನು ಹೋಲಿಸುವ ಮೊದಲು ಯಾವುದರಿಂದ ಅಳೆಯಬೇಕು ಅನ್ನೋದನ್ನು ಇತ್ಯರ್ಥ ಮಾಡಿಕೊಳ್ಳೋಣ. ನಾನು ನಾಲ್ಕು ವಿಷಯ ನೋಡುತ್ತೇನೆ.

ಮೊದಲನೆಯದು, ಎಲ್ಲರಿಗೂ ಪೂರ್ತಿ ಅಂಕ ಸಿಗುವಷ್ಟು ಅವಕಾಶ ತರಗತಿಯಲ್ಲಿ ನಿಜವಾಗಿ ಇದೆಯಾ? ಎರಡನೆಯದು, ಟರ್ಮ್ ಉದ್ದಕ್ಕೂ ಭಾಗವಹಿಸಿದವರಿಗೂ ಎರಡೇ ವಾರದಲ್ಲಿ ಪೂರ್ತಿ ಬಾಚಿಕೊಂಡವರಿಗೂ ವ್ಯತ್ಯಾಸ ಕಾಣುತ್ತದಾ? ಮೂರನೆಯದು, ಹಿಂಜರಿಯುವ ವಿದ್ಯಾರ್ಥಿ ಬಾಯಿ ತೆರೆದ ಮೊದಲ ಕೆಲವು ಸಲಕ್ಕೆ ಏನಾದರೂ ಬೆಲೆ ಇದೆಯಾ? ನಾಲ್ಕನೆಯದು, ಟರ್ಮಿನ ಮಧ್ಯದಲ್ಲಿ ಯಾವ ವಿದ್ಯಾರ್ಥಿಯಾದರೂ ತನ್ನ ಅಂಕ ಎಷ್ಟಾಯಿತು ಅಂತ ಯಾರನ್ನೂ ಕೇಳದೆ ಲೆಕ್ಕ ಹಾಕಿಕೊಳ್ಳಬಹುದಾ? ಇದರ ಜೊತೆಗೆ ನಿಮ್ಮ ಸಮಯ ಅಂತ ಒಂದಿದೆ, ಅದನ್ನು ಅಲ್ಲಲ್ಲಿ ಹೇಳುತ್ತಾ ಹೋಗುತ್ತೇನೆ.

ಸೂತ್ರಕ್ಕೂ ಮೊದಲು: ತರಗತಿಯಲ್ಲಿ ಸರದಿ ಎಷ್ಟಿದೆ ಅಂತ ಎಣಿಸಿ

ಬಹಳ ಜನ ಇದನ್ನು ಮಾಡುವುದೇ ಇಲ್ಲ. ಹತ್ತು ಅಂಕ ಇದೆ, ಹಾಗಾಗಿ ಮಿತಿ ಹತ್ತು ಪಾಯಿಂಟ್ ಇರಲಿ, ಲೆಕ್ಕ ಸಲೀಸು ಅಂತ ಬರೆದುಬಿಡುತ್ತಾರೆ. ಆದರೆ ಪಾಯಿಂಟ್ ಆಕಾಶದಿಂದ ಉದುರುವುದಿಲ್ಲ, ಒಬ್ಬರು ಮಾತಾಡಲು ಸರದಿ ಸಿಗಬೇಕು, ಉಳಿದವರು ಆಗ ಸುಮ್ಮನಿರಬೇಕು, ಮತ್ತು ಪಾಠವೂ ನಡೆಯಬೇಕು.

ಒಂದೆರಡು ತರಗತಿಯಲ್ಲಿ ಸುಮ್ನೆ ಎಣಿಸಿ ನೋಡಿ. ಒಂದು ತರಗತಿಯಲ್ಲಿ ಗೀಟು ಹಾಕುವಂಥ ಮಾತು ಸುಮಾರು 10 ಬಂತು ಅಂತಿಟ್ಟುಕೊಳ್ಳಿ. ಟರ್ಮಿಗೆ 24 ತರಗತಿ ಇದ್ದರೆ ಒಟ್ಟು 240 ಸರದಿ. 20 ಜನರ ತರಗತಿಯಾದರೆ ತಲೆಗೆ 12 ಬಂತು. ಮಿತಿ 10 ಇಟ್ಟರೆ ಎಲ್ಲರೂ ತುಂಬಿಸಲು 200 ಸರದಿ ಸಾಕು, 40 ಉಳಿಯುತ್ತದೆ. ಪರವಾಗಿಲ್ಲ.

ಅದೇ 60 ಜನರ ತರಗತಿಯಾದರೆ? ಅದೇ 240 ಸರದಿ, ತಲೆಗೆ 4. ಮಿತಿ 10 ಇಟ್ಟರೆ ಹೆಚ್ಚೆಂದರೆ 24 ಜನ ಪೂರ್ತಿ ಅಂಕ ಪಡೆಯಬಹುದು, ಅದೂ ಉಳಿದ 36 ಜನ ಟರ್ಮ್ ಪೂರ್ತಿ ಬಾಯಿ ಮುಚ್ಚಿಕೊಂಡಿದ್ದರೆ! ಇಲ್ಲಿ ಯಾವ ಸೂತ್ರ ಹಾಕಿದರೂ ಅನ್ಯಾಯವೇ ಹೊರಗೆ ಬರುವುದು, ಯಾಕೆಂದರೆ ಅನ್ಯಾಯ ಸೂತ್ರದಲ್ಲಿಲ್ಲ, ಮಿತಿಯಲ್ಲಿದೆ.

ಹಾಗಾಗಿ ಮೊದಲ ಪರೀಕ್ಷೆ ಇದು. ಒಟ್ಟು ಮಿತಿಯನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಗುಣಿಸಿ. ಅದು ಒಟ್ಟು ಸರದಿಗಿಂತ ಕಡಿಮೆ ಇರಬೇಕು, ಸ್ವಲ್ಪ ಸಡಿಲವೂ ಉಳಿಯಬೇಕು, ಏಕೆಂದರೆ ಮಿತಿ ಮುಟ್ಟಿದವರು ಮಾತು ನಿಲ್ಲಿಸುವುದಿಲ್ಲ. ಅವರ ಮಾತಿಗೂ ಸರದಿ ಖರ್ಚಾಗುತ್ತದೆ.

ಈಗ ದಾರಿಗಳನ್ನು ನೋಡೋಣ. ಹೋಲಿಸೋಕೆ 20 ಜನ, 24 ತರಗತಿ, 10 ಅಂಕದ ಅದೇ ತರಗತಿಯನ್ನೇ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ನಾಲ್ಕು ಜನ. ಕಾಲ್ಪನಿಕ ಅಂತ ಹೇಳಿದರೂ ಪಾಠ ಮಾಡಿದವರಿಗೆಲ್ಲ ಗೊತ್ತಿರುವ ಮುಖಗಳೇ.

ಮಾತಿನಮಲ್ಲಿ: ಮೊದಲ 12 ತರಗತಿಯಲ್ಲಿ ದಿನಕ್ಕೆ ಮೂರು ಸಲ ಮಾತಾಡಿದಳು, ಆಮೇಲೆ ಬೇಜಾರಾಗಿ ನಿಲ್ಲಿಸಿದಳು. ಒಟ್ಟು 36 ಗೀಟು. ನಿಧಾನಿ: ತರಗತಿ ಬಿಟ್ಟು ತರಗತಿ ಒಂದೊಂದು ಸಲ, ಟರ್ಮ್ ಉದ್ದಕ್ಕೂ. ಒಟ್ಟು 12. ಕೊನೆಗಳಿಗೆಯವನು: 21 ತರಗತಿ ಗಪ್‌ಚುಪ್, ಕೊನೆಯ ಮೂರು ತರಗತಿಯಲ್ಲಿ ನಾಲ್ಕು ನಾಲ್ಕು ಸಲ ಕೈ ಎತ್ತಿದ. ಅವನದ್ದೂ 12. ಮೌನಿ: ಆರು ತರಗತಿಗೊಮ್ಮೆ ಧೈರ್ಯ ಮಾಡಿ ಒಂದು ಮಾತು. ಒಟ್ಟು 4.

ನೇರ ಲೆಕ್ಕ, ಒಟ್ಟಿಗೆ ಮಾತ್ರ ಮಿತಿ

ಒಂದು ಗೀಟಿಗೆ ಒಂದು ಅಂಕ, ಹತ್ತಕ್ಕೆ ನಿಲ್ಲುತ್ತದೆ. ಮಲ್ಲಿಗೆ 10, ನಿಧಾನಿಗೆ 10, ಕೊನೆಗಳಿಗೆಯವನಿಗೂ 10, ಮೌನಿಗೆ 4.

ಲೆಕ್ಕ ಹಾಕಲು ಇದಕ್ಕಿಂತ ಸುಲಭ ಇನ್ನಿಲ್ಲ, ವಿದ್ಯಾರ್ಥಿ ಬೆರಳಲ್ಲೇ ಎಣಿಸಬಹುದು. ಆದರೆ ಮಲ್ಲಿ ನಾಲ್ಕನೇ ತರಗತಿಯಲ್ಲೇ ಹತ್ತು ಮುಟ್ಟಿದಳು, ಉಳಿದ 20 ತರಗತಿ ಅವಳ ಮಟ್ಟಿಗೆ ಅಂಕಕ್ಕೂ ಭಾಗವಹಿಸುವಿಕೆಗೂ ಸಂಬಂಧವೇ ಇಲ್ಲ. ಇನ್ನೊಂದು ತುದಿಯಲ್ಲಿ, ಮೂರೇ ತರಗತಿಯಲ್ಲಿ ಗಲಾಟೆ ಮಾಡಿದವನು ಟರ್ಮ್ ಉದ್ದಕ್ಕೂ ಮಾತಾಡಿದವಳ ಸಮಕ್ಕೆ ನಿಂತ. ಕೊನೆಯ ವಾರಗಳಲ್ಲಿ ಏಕಾಏಕಿ ಎಲ್ಲರ ಕೈ ಮೇಲೇರುತ್ತಿದ್ದರೆ, ಪ್ರಶ್ನೆಗಳು ಪ್ರಶ್ನೆ ಕೇಳಬೇಕು ಅಂತಲೇ ಹುಟ್ಟಿದಂತಿದ್ದರೆ, ನಿಮ್ಮಲ್ಲಿ ಇರುವುದು ಇದೇ ಪದ್ಧತಿ ಅಂತ ತಿಳಿಯಿರಿ.

ಹತ್ತು ಹನ್ನೆರಡು ಜನರ ಸೆಮಿನಾರ್, ಎಲ್ಲರೂ ಹೇಗೂ ಮಾತಾಡುತ್ತಾರೆ, ಅಂಕ ಬರೀ ನೆಪ ಅನ್ನುವ ಕಡೆ ಇದು ಸಾಕು. ಬೇರೆ ಕಡೆ ಬೇಡ.

ದಿನದ ಮಿತಿ ಮತ್ತು ಒಟ್ಟು ಮಿತಿ, ಎರಡೂ

ನನ್ನ ಓಟು ಇದಕ್ಕೇ, ಅದನ್ನು ಮುಚ್ಚಿಡುವುದಿಲ್ಲ. ಒಬ್ಬರು ಒಂದು ತರಗತಿಯಲ್ಲಿ ಎಷ್ಟೇ ಮಾತಾಡಲಿ, ಆ ದಿನಕ್ಕೆ ಹೆಚ್ಚೆಂದರೆ ಒಂದು ಪಾಯಿಂಟ್, ಅಥವಾ ಎರಡು. ಅವನ್ನು ಕೂಡಿಸಿ, ಮೊತ್ತಕ್ಕೆ ಮತ್ತೆ ಹತ್ತರ ಮಿತಿ.

ದಿನಕ್ಕೆ ಒಂದು ಅಂತಿಟ್ಟರೆ ಮಲ್ಲಿಗೆ 12 ಪಾಯಿಂಟ್, ಮಿತಿಗೆ ಇಳಿಸಿ 10. ನಿಧಾನಿಗೂ ಹಾಗೇ 10. ಕೊನೆಗಳಿಗೆಯವನಿಗೆ ಬರೀ 3. ಮೌನಿಗೆ 4. ದಿನಕ್ಕೆ ಎರಡು ಅಂದರೆ ಬದಲಾಗುವುದು ಕೊನೆಗಳಿಗೆಯವನದ್ದು ಮಾತ್ರ, 6 ಆಗುತ್ತದೆ.

ಇಲ್ಲಿ ಕಣ್ಣಿಡಬೇಕಾದ ಸಂಖ್ಯೆ ಒಂದಿದೆ. ಒಟ್ಟು ಮಿತಿಯನ್ನು ದಿನದ ಮಿತಿಯಿಂದ ಭಾಗಿಸಿ. ಪೂರ್ತಿ ಅಂಕಕ್ಕೆ ಕನಿಷ್ಠ ಎಷ್ಟು ತರಗತಿಯಲ್ಲಿ ಮಾತಾಡಬೇಕು ಅನ್ನೋದು ಅದರಲ್ಲಿ ಬರುತ್ತದೆ. 10 ಮತ್ತು 1 ಆದರೆ ಹತ್ತು ತರಗತಿ. 10 ಮತ್ತು 2 ಆದರೆ ಐದೇ. ಈ ಒಂದು ಸಂಖ್ಯೆ ಎರಡು ಕಡೆಯಿಂದ ಕೆಲಸ ಮಾಡುತ್ತದೆ. 24ರಲ್ಲಿ 10 ತರಗತಿ ಬೇಕು ಅಂದರೆ 15ನೇ ತರಗತಿಯ ತನಕ ಸುಮ್ಮನಿದ್ದವನಿಗೆ ಇನ್ನು ಪೂರ್ತಿ ಅಂಕ ಸಿಗುವುದಿಲ್ಲ, ಅಂದರೆ ಕೊನೆಗಳಿಗೆಯ ಆಟ ನಡೆಯುವುದಿಲ್ಲ. ಹಾಗೇ, ಕಾಯಿಲೆ ಬಿದ್ದು ಮೂರು ವಾರ ಬರದವಳಿಗೆ, ಏನೋ ಕಾರಣಕ್ಕೆ ಕೆಲವು ದಿನ ಮಾತಾಡಲು ಮನಸ್ಸಿಲ್ಲದವಳಿಗೆ, 14 ತರಗತಿಯ ಬಿಡುವು ತಾನಾಗಿಯೇ ಸಿಕ್ಕಿತು. ರಜೆ ಚೀಟಿ, ವಿನಾಯಿತಿ ಅರ್ಜಿ, ಯಾವುದೂ ಬೇಡ. ಒಟ್ಟು ತರಗತಿಗಳ ಮೂರನೇ ಒಂದರಿಂದ ಅರ್ಧದ ನಡುವೆ ಈ ಸಂಖ್ಯೆ ಬಿದ್ದರೆ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಟರ್ಮಿನ ಒಂದು ಮೂಲೆಯಲ್ಲಿ ಎಲ್ಲ ಮುಗಿಯುತ್ತದೆ, ಮುಕ್ಕಾಲರ ಹತ್ತಿರ ಹೋದರೆ ಹಾಜರಿಯನ್ನೇ ಇನ್ನೊಂದು ಹೆಸರಲ್ಲಿ ಅಳೆದಂತಾಗುತ್ತದೆ.

ದಿನಕ್ಕೆ ಒಂದಾ, ಎರಡಾ? ಇದು ನಿಮ್ಮ ಪಾಠದ ರೀತಿ ನೋಡಿ. ನೀವು ಕೇಳಿ ಅವರು ಉತ್ತರಿಸುವ ತರಗತಿಯಾದರೆ ಒಂದು ಸಾಕು, ಸರದಿ ಬೇಗ ಬೇಗ ಬೇರೆಯವರ ಕಡೆ ತಿರುಗುತ್ತದೆ. ವಾದ ಬೆಳೆಸುವ ತರಗತಿಯಾದರೆ, ಒಬ್ಬಳು ಒಂದು ಮಾತು ಹೇಳಿ, ಇನ್ನೊಬ್ಬ ಅದನ್ನು ಅಲ್ಲಗಳೆದು, ಅವಳು ಮತ್ತೆ ಸಮರ್ಥಿಸಿಕೊಳ್ಳುವ ಕಡೆ, ಆ ಎರಡನೇ ಮಾತೇ ನಿಮಗೆ ಬೇಕಾದದ್ದು ಅಲ್ವಾ? ಅಲ್ಲಿ ಎರಡು ಕೊಡಿ. ಆದರೆ ಆಗ ಒಟ್ಟು ಮಿತಿಯನ್ನೂ ನೋಡಬೇಕು: 10ಕ್ಕೇ ಬಿಟ್ಟರೆ ಐದೇ ತರಗತಿಯಲ್ಲಿ ಮುಗಿಯಿತು, 16ಕ್ಕೆ ಏರಿಸಿದರೆ 20 ಜನಕ್ಕೆ 320 ಸರದಿ ಬೇಕು, ಇರುವುದು 240. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಾಲದು. ಚರ್ಚೆಯ ತರಗತಿ ಚಿಕ್ಕದಾಗಿರಬೇಕು ಅನ್ನೋದಕ್ಕೆ ಲೆಕ್ಕದ ಕಾರಣ ಇದು.

ಒಂದು ಎಚ್ಚರಿಕೆ: ದಿನದ ಮಿತಿ ಮೊದಲು, ಮೊತ್ತ ಆಮೇಲೆ. ಸ್ಪ್ರೆಡ್‌ಶೀಟಿನಲ್ಲಿ ಇದನ್ನು ಹಾಕುವಾಗ ಬಹಳ ಜನ ಜಾರುವುದು ಇಲ್ಲೇ. `=SUM(MIN(C2:Z2,2))` ಅಂತ ಬರೆಯುತ್ತಾರೆ. ಪ್ರತಿ ದಿನವನ್ನೂ ಎರಡಕ್ಕೆ ಇಳಿಸಿ ಕೂಡಿಸುತ್ತದೆ ಅಂತ ಅನಿಸುತ್ತದೆ, ಆದರೆ ಅದು ಸಾಲಿನಲ್ಲೆಲ್ಲ ಚಿಕ್ಕ ಸಂಖ್ಯೆ ಯಾವುದೋ ಅದೊಂದನ್ನೇ ಕೊಡುತ್ತದೆ. ಇಡೀ ತರಗತಿಗೆ 0, 1, 2 ಅಂತಲೇ ಬಂದರೆ ಇದೇ ಕಾರಣ. ಒಬ್ಬ ವಿದ್ಯಾರ್ಥಿಗೆ ಒಂದು ಸಾಲು, C ಯಿಂದ Z ತನಕ 24 ಕಾಲಂ, ದಿನಕ್ಕೊಂದು, ಅದರಲ್ಲಿ ಆ ದಿನದ ಗೀಟುಗಳ ಸಂಖ್ಯೆ. ಹೀಗೆ ಬರೆಯಿರಿ, ಮೊದಲ ಸೂತ್ರ ದಿನಕ್ಕೆ ಒಂದರ ಮಿತಿಗೆ, ಎರಡನೆಯದು ದಿನಕ್ಕೆ ಎರಡರ ಮಿತಿಗೆ:

```
=COUNTIF(C2:Z2,">=1")
=COUNTIF(C2:Z2,1)+2*COUNTIF(C2:Z2,">=2")
```

ಇವೆರಡರಲ್ಲಿ ನಿಮಗೆ ಬೇಕಾದ್ದು AA2 ನಲ್ಲಿರಲಿ. ಒಟ್ಟು ಮಿತಿಯನ್ನು AC1 ನಲ್ಲಿ ಬರೆದಿಡಿ, ಅಂಕಕ್ಕೆ:

```
=ROUND(10*MIN(AA2,$AC$1)/$AC$1,1)
```

ಈ ರೀತಿ ಎಣಿಸುವುದರಲ್ಲಿ ಒಂದು ಅನುಕೂಲ ಇದೆ. ಬರದವರ ಮುಂದೆ ನೀವು ಏನೇ ಅಕ್ಷರ ಬರೆದಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ, ಎರರ್ ಕೂಡ ಕೊಡುವುದಿಲ್ಲ. ಅನಾನುಕೂಲ ಅಂದರೆ, ಅರ್ಧ ಪಾಯಿಂಟ್ ಕೊಡುವ ಅಭ್ಯಾಸ ಇದ್ದರೆ 0.5 ಮತ್ತು 1.5 ಸರಿಯಾಗಿ ಎಣಿಕೆಯಾಗದೆ ತಪ್ಪಿಹೋಗುತ್ತವೆ. ಅರ್ಧ ಪಾಯಿಂಟ್ ಬಿಟ್ಟುಬಿಡಿ ಅಂತಲೇ ನನ್ನ ಸಲಹೆ. ಪಾಠ ಮಾಡುತ್ತಾ ನಿಂತಾಗ ಈ ಮಾತು ಪೂರ್ತಿಯಾ ಅರ್ಧವಾ ಅಂತ ತೂಗಿ ನೋಡಲು ಯಾರಿಗೆ ಪುರುಸೊತ್ತು.

ರೌಂಡ್ ಮಾಡುವುದು ಒಂದೇ ಸಲ, ಕೊನೆಯಲ್ಲಿ. ಅಷ್ಟೇ.

ಹೆಚ್ಚು ಮಾತಾಡಿದವರಿಗೆ ಹೋಲಿಸಿ

ಅತಿ ಹೆಚ್ಚು ಪಾಯಿಂಟ್ ಪಡೆದವರಿಗೆ 10, ಉಳಿದವರಿಗೆ ಅದರ ಅನುಪಾತದಲ್ಲಿ. ಮಲ್ಲಿಗೆ 36, ಅಂದರೆ 10 ಅಂಕ. ನಿಧಾನಿಗೆ 12, ಅಂದರೆ 3.3. ಕೊನೆಗಳಿಗೆಯವನಿಗೂ 3.3. ಮೌನಿಗೆ 1.1.

ಟರ್ಮ್ ಪೂರ್ತಿ ಶಿಸ್ತಾಗಿ ಮಾತಾಡಿದವಳಿಗೆ 3.3! ಈಗ ಮಲ್ಲಿ ಕೋರ್ಸ್ ಬಿಟ್ಟು ಹೋದಳು ಅಂದುಕೊಳ್ಳಿ. ಮುಂದಿನ ಅತಿ ಹೆಚ್ಚು 12 ಆದರೆ ನಿಧಾನಿಯ 3.3 ರಾತ್ರೋರಾತ್ರಿ 10 ಆಗುತ್ತದೆ, ಮೌನಿಯ 1.1 ಹೋಗಿ 3.3 ಆಗುತ್ತದೆ. ಇಬ್ಬರೂ ಏನೂ ಮಾಡಿಲ್ಲ. ನಾಲ್ಕನೇ ಅಳತೆಗೋಲು, ತನ್ನ ಅಂಕ ತಾನೇ ಲೆಕ್ಕ ಹಾಕಿಕೊಳ್ಳುವುದು, ಇಲ್ಲಿ ಪೂರ್ತಿ ಮುರಿದುಬೀಳುತ್ತದೆ. ಜೊತೆಗೆ ತರಗತಿಯ ಮಾತು ಪೈಪೋಟಿಯಾಗುತ್ತದೆ, ನೀನು ಮಾತಾಡಿದಷ್ಟೂ ನನ್ನ ಅಂಕ ಇಳಿಯುತ್ತದೆ ಅಂತ.

ಮಿತಿ ಎಷ್ಟಿಡಬೇಕು ಅಂತ ಮೊದಲೇ ಗೊತ್ತಿಲ್ಲ, ಅದಕ್ಕೇ ಹೀಗೆ ಮಾಡಿದೆವು ಅನ್ನುತ್ತಾರೆ ಕೆಲವರು. ಅದಕ್ಕೆ ಮದ್ದು ಮೇಲೆ ಹೇಳಿದ ಎಣಿಕೆ, ಇದಲ್ಲ. ದಿನದ ಮಿತಿ ಹಾಕಿ ಹೋಲಿಸಿದರೆ ಪೆಟ್ಟು ಕಡಿಮೆಯಾಗುತ್ತದೆ ನಿಜ, ಆದರೆ ಆಗ ಹೋಲಿಕೆಯ ಅಗತ್ಯವೇ ಉಳಿಯುವುದಿಲ್ಲ. ನಾನು ಯಾವ ಸಂದರ್ಭಕ್ಕೂ ಇದನ್ನು ಶಿಫಾರಸು ಮಾಡುವುದಿಲ್ಲ.

ಮೆಟ್ಟಿಲು

0ಗೆ 0. ಒಂದರಿಂದ ಮೂರು ಪಾಯಿಂಟಿಗೆ 4 ಅಂಕ, ನಾಲ್ಕರಿಂದ ಆರಕ್ಕೆ 6, ಏಳರಿಂದ ಒಂಬತ್ತಕ್ಕೆ 8, ಹತ್ತು ಮತ್ತು ಮೇಲಕ್ಕೆ 10. ದಿನಕ್ಕೆ ಒಂದರ ಮಿತಿ ಇಟ್ಟೇ ಲೆಕ್ಕ ಹಾಕಿದರೆ ಮಲ್ಲಿ ಮತ್ತು ನಿಧಾನಿಗೆ 10, ಮೌನಿಗೆ 6, ಕೊನೆಗಳಿಗೆಯವನಿಗೆ 4.

ನೋಡಿದ ಕೂಡಲೇ ಇಷ್ಟವಾಗುವ ಪದ್ಧತಿ ಇದು. ಮೌನಿಯ ನಾಲ್ಕು ಮಾತಿಗೆ ಬೆಲೆ ಬಂತು. ಇನ್ನೊಂದು ದೊಡ್ಡ ಅನುಕೂಲ: ನಿಮ್ಮ ಎಣಿಕೆ ಅಷ್ಟು ಕರಾರುವಾಕ್ಕಾಗಿ ಇರಬೇಕಿಲ್ಲ. ಐದರ ಬದಲು ಆರು ಗೀಟು ಬಿದ್ದಿದ್ದರೂ ಅಂಕ ಅದೇ. ಪಾಠ ಮಾಡುತ್ತಲೇ ಗೀಟು ಹಾಕುವವರ ಲೆಕ್ಕ ಆಗೊಮ್ಮೆ ಈಗೊಮ್ಮೆ ತಪ್ಪುವುದು ಸಹಜ, ಮೆಟ್ಟಿಲು ಅದನ್ನು ನುಂಗಿಕೊಳ್ಳುತ್ತದೆ.

ಆದರೆ ಮೆಟ್ಟಿಲಿನ ಅಂಚಿನಲ್ಲಿ ನಿಂತವರ ಕಥೆಯೇ ಬೇರೆ. ಮೂರು ಗೀಟಿಗೆ 4, ನಾಲ್ಕಕ್ಕೆ 6. ಒಂದೇ ಗೀಟಿಗೆ ಎರಡು ಅಂಕ. "ಹತ್ತನೇ ತಾರೀಖಿನ ತರಗತಿಯಲ್ಲಿ ನಾನು ಮಾತಾಡಿದ್ದೆ ಸಾರ್, ನೀವು ಬರೆದುಕೊಂಡಿಲ್ಲ" ಅನ್ನುವ ಮಾತು ಬರುವುದು ಯಾವಾಗಲೂ ಅಂಚಿನವರಿಂದಲೇ, ಮತ್ತು ಅವರು ಹೇಳುವುದು ನಿಜವೂ ಇರಬಹುದು. ಅದಕ್ಕೇ ಮೆಟ್ಟಿಲು ಬಳಸುವುದಾದರೆ ಎರಡು ವಾರಕ್ಕೊಮ್ಮೆ ಎಣಿಕೆಯನ್ನು ವಿದ್ಯಾರ್ಥಿಗಳಿಗೆ ತೋರಿಸಲೇಬೇಕು, ತಕರಾರಿದ್ದರೆ ಒಂದು ವಾರದೊಳಗೆ ಹೇಳಬೇಕು ಅಂತ ನಿಯಮವೂ ಇರಬೇಕು. ಇದು ನಿಮ್ಮಿಂದ ಆಗುವುದಿಲ್ಲ ಅಂತಾದರೆ ಮೆಟ್ಟಿಲು ಬೇಡ.

ಬಾಗಿದ ಗೆರೆ

ಮೊದಲ ಪಾಯಿಂಟುಗಳಿಗೆ ಜಾಸ್ತಿ ಬೆಲೆ, ಆಮೇಲಿನವಕ್ಕೆ ಕಡಿಮೆ. ಸಾಮಾನ್ಯವಾಗಿ ವರ್ಗಮೂಲ ಬಳಸುತ್ತಾರೆ:

```
=ROUND(10*SQRT(MIN(AA2,$AC$1)/$AC$1),1)
```

ಮಿತಿ 10 ಇದ್ದಾಗ ಒಂದು ಪಾಯಿಂಟಿಗೆ 3.2, ಎರಡಕ್ಕೆ 4.5, ಐದಕ್ಕೆ 7.1, ಹತ್ತಕ್ಕೆ 10. ಮೌನಿಗೆ 6.3 ಬಂತು. ಹೆಚ್ಚುಕಡಿಮೆ ಮೆಟ್ಟಿಲು ಕೊಟ್ಟಷ್ಟೇ, ಆದರೆ ಅಂಚುಗಳಿಲ್ಲದೆ. ಹಿಂಜರಿಯುವವರನ್ನು ಮೊದಲ ಸಲ ಮಾತಾಡಿಸುವುದೇ ನಿಮ್ಮ ಉದ್ದೇಶ ಅಂತಾದರೆ, ಉದಾಹರಣೆಗೆ ಹೊಸ ಭಾಷೆ ಕಲಿಸುವ ತರಗತಿಯಲ್ಲಿ, ಇದು ಒಳ್ಳೆಯದು.

ಎರಡು ತೊಂದರೆ. ಕೊನೆಗಳಿಗೆಯವನನ್ನು ನೋಡಿ: ದಿನದ ಮಿತಿ ಅವನನ್ನು 3ಕ್ಕೆ ತಂದಿತ್ತು, ಬಾಗಿದ ಗೆರೆ ಅದನ್ನು 5.5ಕ್ಕೆ ಎತ್ತಿತು. ಪಾಯಿಂಟ್ ಯಾವಾಗ ಬಂತು ಅನ್ನೋದು ವರ್ಗಮೂಲಕ್ಕೆ ಗೊತ್ತಿಲ್ಲ, ಎಷ್ಟು ಅನ್ನೋದಷ್ಟೇ ಗೊತ್ತು. ಮೌನಿಗೆ ಕೊಡುವ ಉದಾರತೆ ಸೋಮಾರಿಗೂ ಸಿಗುತ್ತದೆ. ಎರಡನೆಯದು, ಇದನ್ನು ವಿದ್ಯಾರ್ಥಿಗಳಿಗೆ ವಿವರಿಸಬೇಕು. ವರ್ಗಮೂಲ ಅಂದ ತಕ್ಷಣ ಅರ್ಧ ಜನರ ಮುಖ ಸಪ್ಪಗಾಗುತ್ತದೆ, ಹಾಗಾಗಿ ಸೂತ್ರ ಕೊಡಬೇಡಿ, 0ಯಿಂದ 10ರ ತನಕ ಯಾವ ಪಾಯಿಂಟಿಗೆ ಎಷ್ಟು ಅಂಕ ಅಂತ ಹನ್ನೊಂದು ಸಾಲಿನ ಪಟ್ಟಿ ಕೊಡಿ. ಸಾಕು.

ಟರ್ಮನ್ನು ಭಾಗ ಮಾಡಿ, ಭಾಗಕ್ಕೊಂದು ಮಿತಿ

24 ತರಗತಿಯನ್ನು ಆರರಂತೆ ನಾಲ್ಕು ಭಾಗ ಮಾಡಿ. ದಿನಕ್ಕೆ ಒಂದು ಪಾಯಿಂಟ್, ಭಾಗಕ್ಕೆ ಹೆಚ್ಚೆಂದರೆ ಮೂರು. ನಾಲ್ಕೂ ಸೇರಿ 12. ಆದರೆ ಮೊದಲ ಪರೀಕ್ಷೆ ನೆನಪಿಸಿಕೊಳ್ಳಿ: 20 ಜನಕ್ಕೆ 12 ಅಂದರೆ 240, ಇರುವ ಸರದಿಯೆಲ್ಲ ಖಾಲಿ, ಒಂದಿಷ್ಟೂ ಸಡಿಲ ಇಲ್ಲ. ಅದಕ್ಕೆ ನಾಲ್ಕರಲ್ಲಿ ಕಡಿಮೆ ಬಂದ ಒಂದು ಭಾಗವನ್ನು ಬಿಟ್ಟು, ಉಳಿದ ಮೂರರ ಮೊತ್ತ 9ಕ್ಕೆ ಎಷ್ಟು ಅಂತ ನೋಡುವುದು. ಒಂದು ಭಾಗ ಪೂರ್ತಿ ಬರಲಾಗದವರಿಗೂ ಇದು ಆಸರೆ.

```
AA2: =MIN(3,COUNTIF(C2:H2,">=1"))
AB2: =MIN(3,COUNTIF(I2:N2,">=1"))
AC2: =MIN(3,COUNTIF(O2:T2,">=1"))
AD2: =MIN(3,COUNTIF(U2:Z2,">=1"))
AE2: =ROUND(10*(SUM(AA2:AD2)-MIN(AA2:AD2))/9,1)
```

ನಿಧಾನಿಗೆ ಪ್ರತಿ ಭಾಗದಲ್ಲೂ 3, ಹಾಗಾಗಿ 10. ಮಲ್ಲಿಗೆ ಮೊದಲೆರಡು ಭಾಗದಲ್ಲಿ ಮಾತ್ರ 3, ಆಮೇಲೆ ಸೊನ್ನೆ, 6.7. ಇಲ್ಲಿ ಮಾತ್ರ ಅವಳ ಅರ್ಧ ಟರ್ಮಿನ ಮೌನ ಅಂಕದಲ್ಲಿ ಕಂಡಿತು, ಬೇರೆ ಯಾವ ದಾರಿಯೂ ಅದನ್ನು ಹಿಡಿದಿರಲಿಲ್ಲ. ಕೊನೆಗಳಿಗೆಯವನಿಗೆ 3.3.

ಮೌನಿಗೂ 3.3, ಅದೇ ಸ್ವಲ್ಪ ಕಿರಿಕಿರಿ. ನಾಲ್ಕೂ ಭಾಗದಲ್ಲಿ ಒಂದೊಂದು ಮಾತಾಡಿದವಳೂ ಕೊನೆಯ ಭಾಗದಲ್ಲಿ ಮಾತ್ರ ಮಾತಾಡಿದವನೂ ಒಂದೇ ಅಂಕಕ್ಕೆ ಬಂದರು, ಒಂದು ಭಾಗ ಕೈಬಿಡುವುದರಿಂದ ಅವಳ ಒಂದು ಪಾಯಿಂಟ್ ಹೋಯಿತು, ಅವನ ಸೊನ್ನೆ ಹೋಯಿತು. ಸಮವಾಗಿ ಮಾತಾಡುವುದಕ್ಕೆ ಬೆಲೆ ಕೊಡಲೆಂದು ಕಟ್ಟಿದ ಪದ್ಧತಿಯಲ್ಲಿ ತೀರ ಕಡಿಮೆ ಮಾತಾಡಿದವರ ಮಟ್ಟಿಗೆ ಆ ಉದ್ದೇಶ ನೆರವೇರುವುದಿಲ್ಲ.

ಟರ್ಮ್ ಉದ್ದಕ್ಕೂ ಓದಿಕೊಂಡು ಬರಬೇಕಾದ ಕೋರ್ಸಿಗೆ, ವಾರವಾರ ಹೊಸ ಪಠ್ಯ ಇರುವ ಕಡೆ, ಈ ದಾರಿ ಎಲ್ಲಕ್ಕಿಂತ ಚೆನ್ನ. ಆದರೆ ತರಗತಿ ರದ್ದಾಗುವ ಕಡೆ ತಲೆನೋವು. ಒಂದು ಭಾಗದ ಆರರಲ್ಲಿ ಎರಡು ತರಗತಿ ನಡೆಯದಿದ್ದರೆ ಉಳಿದ ನಾಲ್ಕರಲ್ಲಿ ಮೂರು ಸಲ ಮಾತಾಡಬೇಕಾಗುತ್ತದೆ. ಭಾಗವನ್ನು ತಾರೀಖಿನಿಂದಲ್ಲ, ನಡೆದ ತರಗತಿಯ ಎಣಿಕೆಯಿಂದ ಗುರುತಿಸಿ.

ಐದೂ ಪಕ್ಕಪಕ್ಕ ಇಟ್ಟರೆ ಹೀಗೆ ಕಾಣುತ್ತದೆ. ನೇರ ಲೆಕ್ಕ ಮತ್ತು ಹೋಲಿಕೆ ಬಿಟ್ಟು ಉಳಿದೆಲ್ಲಕ್ಕೂ ದಿನಕ್ಕೆ ಒಂದರ ಮಿತಿ ಇದೆ.

| | ಮಲ್ಲಿ | ನಿಧಾನಿ | ಕೊನೆಗಳಿಗೆ | ಮೌನಿ |
|---|---|---|---|---|
| ನೇರ ಲೆಕ್ಕ | 10 | 10 | 10 | 4 |
| ಎರಡು ಮಿತಿ | 10 | 10 | 3 | 4 |
| ಹೋಲಿಕೆ | 10 | 3.3 | 3.3 | 1.1 |
| ಮೆಟ್ಟಿಲು | 10 | 10 | 4 | 6 |
| ಬಾಗಿದ ಗೆರೆ | 10 | 10 | 5.5 | 6.3 |
| ಭಾಗಗಳು | 6.7 | 10 | 3.3 | 3.3 |

(ಆರು ಸಾಲು ಇದೆ ಅಂತ ಎಣಿಸಿದವರಿಗೆ: ಹೋಲಿಕೆಯನ್ನು ನಾನು ದಾರಿ ಅಂತ ಲೆಕ್ಕಕ್ಕೇ ಇಟ್ಟಿಲ್ಲ.)

ಟೇಬಲ್ ನೋಡಿ ಒಂದು ಅಂಶ ಹಿಡಿದುಕೊಳ್ಳಿ. ಕೊನೆಗಳಿಗೆಯವನಿಗೂ ಮೌನಿಗೂ ಎಷ್ಟು ಅಂತರ ಇರಬೇಕು, ಅದು ನಿಮ್ಮ ಮನಸ್ಸಿನಲ್ಲಿ ಮೊದಲೇ ಸ್ಪಷ್ಟವಾದರೆ ಆಯ್ಕೆ ಅರ್ಧ ಮುಗಿದ ಹಾಗೆ. ಮೇಲಿನ ತುದಿಯಲ್ಲಿ ಭಾಗಗಳನ್ನು ಬಿಟ್ಟು ಉಳಿದ ನಾಲ್ಕು ದಾರಿಗಳೂ ಒಂದೇ ಮಾತು ಹೇಳುತ್ತವೆ, ಜಗಳ ಇರುವುದು ಕೆಳಗೆ.

ದೊಡ್ಡ ತರಗತಿಯವರು ಏನು ಮಾಡಬೇಕು

60 ಜನ, 240 ಸರದಿ ಅಂತ ಹೇಳಿದ್ದೆ. ಸಡಿಲ ಬಿಟ್ಟು ಲೆಕ್ಕ ಹಾಕಿದರೆ ಮಿತಿ 3ಕ್ಕೆ ಬಂತು. ಮಿತಿ 3 ಅಂದರೆ ಒಂದು ಗೀಟಿಗೆ 3.3 ಅಂಕ. ಗೀಟು ಹಾಕುವಾಗ ನೀವು ಒಂದು ಮರೆತರೆ ಆ ವಿದ್ಯಾರ್ಥಿಗೆ ಮೂರು ಅಂಕ ಹೋಯಿತು. ಇಷ್ಟು ಒರಟಾದ ಅಳತೆಯಲ್ಲಿ ಬಾಗಿದ ಗೆರೆ, ಮೆಟ್ಟಿಲು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಸೂತ್ರ ಹುಡುಕುವುದು ಬಿಟ್ಟು ಸರದಿ ಹೆಚ್ಚಿಸುವ ದಾರಿ ನೋಡಬೇಕು.

ಕೈಯಲ್ಲಿ ಬರೆದು ಕೊಡುವ ಚೀಟಿ ಒಂದು ದಾರಿ. ಎಂಟು ತರಗತಿಯಲ್ಲಿ, ಕೊನೆಯ ಮೂರು ನಿಮಿಷ, ಇವತ್ತಿನ ಪಾಠದಲ್ಲಿ ಅರ್ಥವಾಗದ ಒಂದು ವಿಷಯ ಅಥವಾ ಒಂದು ಪ್ರಶ್ನೆ ಬರೆದು ಕೊಡಲಿ. ಅದಕ್ಕೂ ಒಂದು ಪಾಯಿಂಟ್, ದಿನದ ಮಿತಿ ಒಂದೇ. ಆಗ 480 ಸರದಿ ಹೆಚ್ಚಾಗಿ ಒಟ್ಟು 720. ಮಿತಿಯನ್ನು 8ಕ್ಕೆ ಇಟ್ಟರೆ ಬೇಕಾದದ್ದು 480, ಆರಾಮಾಗಿ ಸಾಲುತ್ತದೆ. ಬಾಯಿ ಬಿಡಲು ಅಂಜುವ ಮೌನಿಗೂ ಪೂರ್ತಿ ಅಂಕದ ದಾರಿ ತೆರೆಯಿತು, ಯಾವ ವರ್ಗಮೂಲದ ಹಂಗೂ ಇಲ್ಲದೆ.

ಇದರ ಬೆಲೆ ನಿಮ್ಮ ಸಮಯ. 480 ಚೀಟಿ, ಒಂದಕ್ಕೆ ಅರ್ಧ ನಿಮಿಷ ಅಂದರೂ ಟರ್ಮಿಗೆ ನಾಲ್ಕು ಗಂಟೆ. ಆ ದಿನ ಮಾತಾಡಿದವರು ಬರೆಯಬೇಕಿಲ್ಲ ಅಂದರೆ ಸ್ವಲ್ಪ ಕಡಿಮೆಯಾಗುತ್ತದೆ. ನಾಲ್ಕು ಗಂಟೆ ಇಲ್ಲ, ಸಹಾಯಕರೂ ಇಲ್ಲ ಅಂತಾದರೆ ಭಾಗವಹಿಸುವಿಕೆಗೆ 10 ಅಂಕ ಇಡುವುದನ್ನೇ ಮರುಯೋಚಿಸಿ, 3 ಅಂಕ ಇಡಿ, ಒಂದು ಗೀಟಿಗೆ ಒಂದು ಅಂಕ, ಮೂರಕ್ಕೆ ನಿಲ್ಲಲಿ. ಒಂದು ಗೀಟು ತಪ್ಪಿದರೂ ಆಗ ಹೋಗುವುದು ಒಂದೇ ಅಂಕ.

ಹಾಗಾದರೆ ಯಾವುದು?

ಹದಿನೈದರಿಂದ ಮೂವತ್ತು ಜನ, ಮಾಮೂಲಿ ಪಾಠ, ಹೆಚ್ಚು ತಲೆಕೆಡಿಸಿಕೊಳ್ಳಲು ಸಮಯ ಇಲ್ಲ: ದಿನಕ್ಕೆ ಒಂದು, ಒಟ್ಟು ಮಿತಿ ಸರದಿ ನೋಡಿ 6ರಿಂದ 10. ಮೂವತ್ತು ಜನಕ್ಕೆ 240 ಸರದಿ ಇದ್ದರೆ 6ಕ್ಕೇ ಇಳಿಸಿ. ಮಿತಿ ಇಳಿದಾಗ ಮೌನಿಯ ನಾಲ್ಕು ಪಾಯಿಂಟೇ 6.7 ಅಂಕ ಆಗುತ್ತದೆ ಅನ್ನೋದನ್ನೂ ಗಮನಿಸಿ, ಬಾಗಿದ ಗೆರೆಗಿಂತ ಜಾಸ್ತಿ. ಆದರೆ ಆಗ ಆರೇ ತರಗತಿಯಲ್ಲಿ ಪೂರ್ತಿ ಅಂಕ ಆಗುತ್ತದೆ, ಅಂದರೆ ಕಾಲು ಭಾಗ ತರಗತಿಯಲ್ಲಿ. ನಾನು ಹೇಳಿದ ಮೂರನೇ ಒಂದಕ್ಕಿಂತ ಕಡಿಮೆ. ಅದು ಚುಚ್ಚುತ್ತದೆ ಅನ್ನುವವರು ಚೀಟಿ ಸೇರಿಸಿ ಮಿತಿಯನ್ನು 8ಕ್ಕೆ ಏರಿಸಬಹುದು.

ಹಿಂಜರಿಯುವವರೇ ಜಾಸ್ತಿ ಇರುವ ತರಗತಿಗೆ ಬಾಗಿದ ಗೆರೆ, ಪಟ್ಟಿಯ ರೂಪದಲ್ಲಿ. ವಾರವಾರದ ಓದು ಮುಖ್ಯ ಅಂದರೆ ಭಾಗಗಳು. ನಿಮ್ಮ ಗೀಟಿನ ಮೇಲೆ ನಿಮಗೇ ಅಷ್ಟು ನಂಬಿಕೆ ಇಲ್ಲ, ಆದರೆ ಎರಡು ವಾರಕ್ಕೊಮ್ಮೆ ಪಟ್ಟಿ ತೋರಿಸುವ ಶಿಸ್ತು ಇದೆ ಅಂದರೆ ಮೆಟ್ಟಿಲು.

ಇನ್ನು ಟರ್ಮ್ ಅರ್ಧ ಕಳೆದಿದೆ, ಈಗಷ್ಟೇ ಇದನ್ನು ಓದುತ್ತಿದ್ದೀರಿ, ನಿಮ್ಮಲ್ಲಿ ಇರುವುದು ನೇರ ಲೆಕ್ಕ ಅಂತಿಟ್ಟುಕೊಳ್ಳೋಣ. ಒಟ್ಟು ಮಿತಿಯನ್ನು ಇಳಿಸುವುದಕ್ಕೆ ತೊಂದರೆ ಇಲ್ಲ, ಅದರಿಂದ ಯಾರ ಅಂಕವೂ ಕಡಿಮೆಯಾಗುವುದಿಲ್ಲ. ಏರಿಸಬೇಡಿ, ಮೊನ್ನೆ ತನಕ ಪೂರ್ತಿ ಅಂಕ ಇದ್ದವರಿಗೆ ಇವತ್ತು ಇಲ್ಲ ಅಂದ ಹಾಗಾಗುತ್ತದೆ. ದಿನದ ಮಿತಿಯನ್ನು ಹಿಂದಿನ ತರಗತಿಗಳಿಗೂ ಹಾಕಿದರೆ ಅದೇ ಕಥೆ. ಮುಂದಿನ ತರಗತಿಯಿಂದ ದಿನಕ್ಕೆ ಒಂದು ಅಂತ ಹೇಳಿ, ಹಳೆಯದನ್ನು ಇದ್ದಂತೆ ಬಿಡಿ. 12 ತರಗತಿ ಮುಗಿದಿದ್ದರೆ AA2 ನಲ್ಲಿ ಇದನ್ನು ಹಾಕಿ, ಅಂಕದ ಸೂತ್ರ ಎರಡು ಮಿತಿಯ ದಾರಿಗೆ ಕೊಟ್ಟದ್ದೇ:

```
=SUM(C2:N2)+COUNTIF(O2:Z2,">=1")
```